ರಜೆ ಅರ್ಜಿಯ ‘ಡು ದಿ ನೀಡ್‌ಫುಲ್’ ಕನ್ನಡಕ್ಕೆ ಬಂದ ಬಗೆ

ತಂಗಿಯ ಮದುವೆಗೆ ರಜೆ ಬೇಕಿತ್ತು. ‘ಕೈಂಡ್ಲಿ ಗ್ರಾಂಟ್’ ಅನ್ನೋದನ್ನು ‘ದಯಮಾಡಿ ದಯಪಾಲಿಸಿ’ ಅಂತ ಬರೆದರೆ ದೇವರ ಹತ್ತಿರ ವರ ಕೇಳಿದ ಹಾಗಿತ್ತು! ಕಚೇರಿಯ ಹಳೆಯ ಕಡತ ತೆಗೆದು ನೋಡಿದೆ. ಅಲ್ಲಿ ಸಲೀಸಾಗಿತ್ತು: ‘ಮಂಜೂರು ಮಾಡಬೇಕೆಂದು ಕೋರುತ್ತೇನೆ.’ ‘ಕೋರುತ್ತೇನೆ’ಯಲ್ಲೇ ವಿನಯ ಇದೆ, ಮೇಲೊಂದು ‘ದಯವಿಟ್ಟು’ ಬೇಕಿಲ್ಲ.

‘ಡು ದಿ ನೀಡ್‌ಫುಲ್’ ಜಾಸ್ತಿ ಕಾಡಿತು. ‘ಅಗತ್ಯವಾದುದನ್ನು ಮಾಡಿ’ ಅಂದರೆ ಮೇಲಧಿಕಾರಿಗೇ ಅಪ್ಪಣೆ ಕೊಟ್ಟಂತೆ, ಅಲ್ವಾ? ‘ಸೂಕ್ತ ಕ್ರಮ ಕೈಗೊಳ್ಳಿ’ ಅನ್ನೋದು ದೂರು ಪತ್ರದ ಧಾಟಿ. ಕೊನೆಗೆ ಅದನ್ನು ಬಿಟ್ಟು, ಅವರಿಂದ ಆಗಬೇಕಾದ ಕೆಲಸವನ್ನೇ ಹೆಸರಿಸಿದೆ:

‘ನನ್ನ ತಂಗಿಯ ಮದುವೆಯ ಪ್ರಯುಕ್ತ ಈ ತಿಂಗಳ 12ರಿಂದ 14ರವರೆಗೆ ಸಾಂದರ್ಭಿಕ ರಜೆ ಮಂಜೂರು ಮಾಡಿ, ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕೆಂದು ಕೋರುತ್ತೇನೆ.’