ಆಟ ಮುಗಿಸಿ ಬಂದ ಮೇಲೆ ತಲೆ ತೊಳೆಯುವುದು ಹೇಗೆ?

ಹದಿಹರೆಯದ ಆಟಗಾರರ ತಲೆಯಲ್ಲಿ ಎರಡು ಬೇರೆ ಬೇರೆ ವಸ್ತು ಸೇರಿಕೊಂಡಿರುತ್ತವೆ. ಬೆವರು ಬಹುಪಾಲು ನೀರು ಮತ್ತು ಉಪ್ಪು, ಬರೀ ನೀರಿಗೇ ಹೋಗುತ್ತದೆ. ಜಿಡ್ಡು ಹಾಗಲ್ಲ. ಕೂದಲ ಬುಡದ ಎಣ್ಣೆ ಗ್ರಂಥಿಗಳು ಈ ವಯಸ್ಸಿನ ಹಾರ್ಮೋನುಗಳಿಂದ ಜಾಸ್ತಿ ಕೆಲಸ ಮಾಡುತ್ತವೆ. ಆ ಎಣ್ಣೆ ಹೋಗಲು ಶಾಂಪೂ ಬೇಕು. ದಿನಾ ತೊಳೆದರೆ ಎಣ್ಣೆ ಇನ್ನೂ ಹೆಚ್ಚುತ್ತದೆ ಅನ್ನುವವರಿದ್ದಾರೆ. ಆದರೆ ಗ್ರಂಥಿಗೆ ಆದೇಶ ಬರುವುದು ಹಾರ್ಮೋನಿನಿಂದ, ಬಚ್ಚಲಿನಿಂದಲ್ಲ.

ಹದಿನೈದು ವರ್ಷದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಉದ್ದ ಕೂದಲು, ದಿನಾ ಸಂಜೆ ಫುಟ್ಬಾಲ್, ದಿನಾ ತಲೆಸ್ನಾನ. ಆದರೂ ಬೆಳಿಗ್ಗೆ ಏಳುವಷ್ಟರಲ್ಲಿ ಬುಡ ಅಂಟಂಟು. ಅವಳು ಶಾಂಪೂವನ್ನು ನೇರವಾಗಿ ನೆತ್ತಿಗೆ ಸುರಿದು ಅಲ್ಲೇ ಉಜ್ಜುತ್ತಾಳೆ. ಕಿವಿ ಹಿಂದೆ, ಕತ್ತಿನ ಮೇಲ್ಭಾಗಕ್ಕೆ ನೊರೆ ತಲುಪುವುದೇ ಇಲ್ಲ. ಕಂಡೀಷನರ್ ಮಾತ್ರ ಬುಡಕ್ಕೂ ಹಚ್ಚುತ್ತಾಳೆ. ಕೊನೆಗೆ ಒದ್ದೆ ಕೂದಲನ್ನೇ ಬಿಗಿಯಾಗಿ ಕಟ್ಟಿಬಿಡುತ್ತಾಳೆ.

ಅವಳು ಮಾಡಬೇಕಾದದ್ದು ಹೀಗೆ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಬುಡ ಪೂರ್ತಿ ನೆನೆಯಬೇಕು. ಕೂದಲು ದಟ್ಟವಾಗಿದ್ದರೆ ಇದಕ್ಕೇ ಒಂದು ನಿಮಿಷ ಹಿಡಿಯುತ್ತದೆ. ಮೇಲೆ ಒದ್ದೆ, ಒಳಗೆ ಒಣಗು ಅನ್ನುವ ಸ್ಥಿತಿಯಲ್ಲಿ ಶಾಂಪೂ ಹಾಕಿದರೆ ನೊರೆ ಬರುವುದಿಲ್ಲ, ಆಗ ಸುಮ್ನೆ ಇನ್ನಷ್ಟು ಸುರಿಯುತ್ತೇವೆ. ಸ್ವಲ್ಪ ಶಾಂಪೂವನ್ನು ಅಂಗೈಯಲ್ಲಿ ನೀರಿನೊಂದಿಗೆ ಉಜ್ಜಿ, ಕತ್ತಿನ ಮೇಲ್ಭಾಗದಿಂದ ಶುರು ಮಾಡಿ, ಕಿವಿ ಹಿಂದೆ, ಪಕ್ಕ, ಕೊನೆಗೆ ನೆತ್ತಿಗೆ ಬರಬೇಕು. ಉಗುರಲ್ಲ, ಬೆರಳ ತುದಿ. ಉಗುರಿನ ಗೀರು ಉಪ್ಪುಬೆವರಿಗೆ ಉರಿಯುತ್ತದೆ. ಉದ್ದದ ಕೂದಲನ್ನು ಉಜ್ಜುವುದೇ ಬೇಡ, ಹರಿದು ಬರುವ ನೊರೆಯೇ ಸಾಕು.

ಒಂದು ನಿಮಿಷ ಬಿಟ್ಟು ತೊಳೆಯಿರಿ. ಮೊದಲ ಸಲ ನೊರೆ ಚೆನ್ನಾಗಿ ಏಳದಿದ್ದರೆ ಎಣ್ಣೆ ಇನ್ನೂ ಇದೆ ಎಂದರ್ಥ. ಅರ್ಧದಷ್ಟು ಶಾಂಪೂವಿನಲ್ಲಿ ಮತ್ತೊಮ್ಮೆ ಮಾಡಿ. ಕಂಡೀಷನರ್ ತುದಿಗಳಿಗೆ ಮಾತ್ರ. ಉಜ್ಜಿದ್ದಕ್ಕಿಂತ ಹೆಚ್ಚು ಹೊತ್ತು ನೀರು ಬಿಡಿ. ಕಿವಿ ಹಿಂದೆ ಬೆರಳು ಜಾರುತ್ತಿದ್ದರೆ ಶಾಂಪೂ ಇನ್ನೂ ಹೋಗಿಲ್ಲ. ಟವೆಲ್ ಒತ್ತಿ ನೀರು ಹೀರಿಸಿ. ಬುಡ ಒಣಗಿದ ಮೇಲೆ ಕಟ್ಟಿ.

ದಿನಕ್ಕೆ ಎರಡು ಸಲ ಆಟದ ಅಭ್ಯಾಸ ಇದ್ದರೆ ಒಮ್ಮೆ ಬರೀ ನೀರು, ಒಮ್ಮೆ ಶಾಂಪೂ ಸಾಕು. ಗುಂಗುರು ಅಥವಾ ಒಣ ಕೂದಲಿನವರಿಗೆ ದಿನಾ ಶಾಂಪೂ ಜಾಸ್ತಿಯೇ ಆಗುತ್ತದೆ, ಅವರು ದಿನ ಬಿಟ್ಟು ದಿನ ಹಾಕಬಹುದು. ಹೆಡ್‌ಬ್ಯಾಂಡ್ ಒಗೆಯದೆ ತಲೆ ಮಾತ್ರ ತೊಳೆದರೆ ಅದರ ಜಿಡ್ಡು ಮತ್ತೆ ಹಣೆಯಂಚಿಗೇ ಬರುತ್ತದೆ, ಅಲ್ವಾ?

ಇಷ್ಟೆಲ್ಲ ಮಾಡಿಯೂ ಹಳದಿ ಬಣ್ಣದ ಜಿಡ್ಡು ಹೊಟ್ಟು, ತುರಿಕೆ, ಕೆಂಪು ಉಳಿದರೆ ಅದು ತೊಳೆಯುವ ತಪ್ಪಲ್ಲ. ಎಣ್ಣೆ ತಿಂದು ಬೆಳೆಯುವ ಸೂಕ್ಷ್ಮ ಶಿಲೀಂಧ್ರದ ಕೆಲಸ ಇರಬಹುದು. ಹೊಟ್ಟಿನ ಶಾಂಪೂ ತಂದು, ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷ ಬಿಟ್ಟು ತೊಳೆಯಿರಿ. ಕೆಲವು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಸುಮ್ಮನೆ ಕೂತಾಗಲೂ ಅಂಗೈ, ಕಂಕುಳಲ್ಲಿ ಬೆವರು ಇಳಿಯುತ್ತಿದ್ದರೆ ಅಥವಾ ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.