ದುಬೈಯಲ್ಲಿ ಕಾರ್ಡ್ ಉಜ್ಜಿದ ದುಡ್ಡು ಎರಡು ಸಲ ಪರಿವರ್ತನೆ ಆಯಿತೇ?

ದುಬೈಯ ಮಗಳ ಮನೆಗೆ ಹೋಗಿ ತೀರ್ಥಹಳ್ಳಿಗೆ ಮರಳಿದವರು ಸ್ಟೇಟ್‌ಮೆಂಟ್ ತೆರೆದಾಗ, 500 ದಿರ್ಹಮ್‌ನ ಖರೀದಿಗೆ 12,573 ರೂಪಾಯಿ 70 ಪೈಸೆ ಕಡಿತವಾಗಿದೆ ಎಂದುಕೊಳ್ಳಿ. ಇದು ಸರಿಯೇ?

ಮೊದಲು ಕಾರ್ಡ್ ಜಾಲದ ದರ ತಿಳಿಯಬೇಕು. ವೀಸಾ, ಮಾಸ್ಟರ್‌ಕಾರ್ಡ್ ಎರಡರ ಜಾಲತಾಣದಲ್ಲೂ ವಿನಿಮಯ ಲೆಕ್ಕದ ಪುಟವಿದೆ. ಅಲ್ಲಿ ಬ್ಯಾಂಕ್ ಶುಲ್ಕದ ಜಾಗದಲ್ಲಿ ಸೊನ್ನೆ ಹಾಕಿ. ಕಾರ್ಡ್ ಉಜ್ಜಿದ ದಿನದ ದರವೇ ಬಿದ್ದಿರುತ್ತದೆ ಎನ್ನುವಂತಿಲ್ಲ, ವ್ಯವಹಾರ ಜಾಲದಲ್ಲಿ ಇತ್ಯರ್ಥವಾಗುವುದು ಒಂದೆರಡು ದಿನ ತಡವಾಗಿ. ಹಾಗಾಗಿ ಮುಂದಿನ ಎರಡು ಮೂರು ದಿನಗಳ ದರವನ್ನೂ ನೋಡಿ. ಇದರಿಂದಾಗುವ ಸಣ್ಣ ವ್ಯತ್ಯಾಸ ತಪ್ಪಲ್ಲ.

ದರ 23 ರೂಪಾಯಿ ಇತ್ತೆನ್ನೋಣ. 500 ದಿರ್ಹಮ್‌ಗೆ 11,500. ನಿಮ್ಮ ಬ್ಯಾಂಕಿನ ಶುಲ್ಕಪಟ್ಟಿಯಲ್ಲಿ ಮಾರ್ಕಪ್, ಅಂದರೆ ವಿದೇಶಿ ವ್ಯವಹಾರಕ್ಕೆ ಬ್ಯಾಂಕ್ ಸೇರಿಸುವ ಶುಲ್ಕ, ಶೇ 3.5 ಇದ್ದರೆ, ಆ ಮಾರ್ಕಪ್ ಮೇಲೆ ಮಾತ್ರ ಶೇ 18 ಜಿಎಸ್‌ಟಿ ಸೇರಿ ಒಟ್ಟು ಶೇ 4.13 ಆಗುತ್ತದೆ. ಅಂದರೆ 11,974 ರೂಪಾಯಿ 95 ಪೈಸೆ ಹೋಗಬೇಕಿತ್ತು. ಹೋದದ್ದು ಅದಕ್ಕಿಂತ 598 ರೂಪಾಯಿ 75 ಪೈಸೆ ಹೆಚ್ಚು.

ಈಗ ಅಂಗಡಿಯ ಚೀಟಿ ತೆಗೆಯಿರಿ. ಅದರಲ್ಲಿ ದಿರ್ಹಮ್ ಜೊತೆಗೆ ರೂಪಾಯಿ ಮೊತ್ತವೂ ಇದ್ದರೆ, ಗುಟ್ಟು ಅಲ್ಲೇ ಇದೆ. ‘ರೂಪಾಯಿಯಲ್ಲೇ ಕೊಡುತ್ತೀರಾ?’ ಎಂದು ಯಂತ್ರ ಕೇಳಿದಾಗ ಹೌದು ಒತ್ತಿದರೆ, ಅಂಗಡಿಯ ಕಡೆಯವರೇ ತಮ್ಮ ದರದಲ್ಲಿ ಪರಿವರ್ತಿಸುತ್ತಾರೆ. ಇಲ್ಲಿ 24.15ರಂತೆ 12,075 ರೂಪಾಯಿ ಮಾಡಿದ್ದಾರೆ. ಅಂಗಡಿ ವಿದೇಶದ್ದಾದ್ದರಿಂದ ಬ್ಯಾಂಕ್ ಅದರ ಮೇಲೆ ಮತ್ತೆ ತನ್ನ ಶೇ 4.13 ಹಾಕಿದೆ. ಒಂದೇ ಪರಿವರ್ತನೆಗೆ ಎರಡು ಕಡೆ ಸುಂಕ ತೆತ್ತಂತಾಯಿತು.

ಇನ್ನೊಂದು ಬಗೆಯ ತಪ್ಪು ಬ್ಯಾಂಕಿನದೇ ಇರಬಹುದು. ಕೆಲವು ಬ್ಯಾಂಕುಗಳು ಮಾರ್ಕಪ್ಪನ್ನು ಮೊತ್ತದಲ್ಲೇ ಸೇರಿಸುತ್ತವೆ, ಕೆಲವು ಕೆಲ ದಿನ ಬಿಟ್ಟು ಬೇರೆ ಸಾಲಿನಲ್ಲಿ ಕಡಿಯುತ್ತವೆ. ಮೊತ್ತದಲ್ಲೂ ಸೇರಿ, ಬೇರೆ ಸಾಲಿನಲ್ಲೂ ಬಂದಿದ್ದರೆ ಅದು ದುಪ್ಪಟ್ಟು ವಸೂಲಿ. ಹಾಗಾಗಿ ಮುಂದಿನ ತಿಂಗಳ ಸ್ಟೇಟ್‌ಮೆಂಟನ್ನೂ ನೋಡದೆ ಬಿಡಬೇಡಿ.

ದೂರು ಯಾರ ಮೇಲೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಯಂತ್ರ ಆಯ್ಕೆಯನ್ನೇ ಕೊಡದೆ ರೂಪಾಯಿಗೆ ತಿರುಗಿಸಿದ್ದರೆ, ಬ್ಯಾಂಕಿನಲ್ಲಿ ವ್ಯವಹಾರದ ವಿವಾದ ದಾಖಲಿಸಿ, ಚೀಟಿಯ ಪ್ರತಿ ಲಗತ್ತಿಸಿ, ತಡಮಾಡಬೇಡಿ. ಒಪ್ಪಿ ಸಹಿ ಹಾಕಿದ್ದರೆ ಹಣ ಮರಳುವುದು ಕಷ್ಟ. ರೂಪಾಯಿಯ ವಿದೇಶಿ ವ್ಯವಹಾರಕ್ಕೂ ಮಾರ್ಕಪ್ ಉಂಟೆಂದು ಶುಲ್ಕಪಟ್ಟಿಯಲ್ಲೇ ಇದ್ದರೆ ಬ್ಯಾಂಕನ್ನು ದೂರಲಾಗದು. ಪಟ್ಟಿ ಮೀರಿ ಕಡಿದಿದ್ದರೆ ಶಾಖೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರಬಹುದು.

ಚೀಟಿಯ ಅಕ್ಷರ ಬೇಗ ಮಾಸುತ್ತದೆ. ಮಲೆನಾಡಿನ ಮಳೆಗಾಲದ ಥಂಡಿಯಲ್ಲಂತೂ ಕಾಗದವೇ ಉಳಿಯದು. ಅಂಗಡಿಯಿಂದ ಹೊರಡುವ ಮೊದಲೇ ಫೋಟೊ ತೆಗೆದಿಡಿ.