ಆಮ್ಲ-ಪ್ರತ್ಯಾಮ್ಲ ಪಾಠಕ್ಕೆ ಆರು ಸ್ಲೈಡ್: ಅರಿಶಿನಕ್ಕೆ ಬೇರೆಯದೇ ಒಂದು ಇಡಿ

ಹತ್ತನೇ ತರಗತಿಯ ಈ ಪಾಠಕ್ಕೆ ಸ್ವೈಪ್ ಮಾಡುವ ಸ್ಲೈಡ್‌ಗಳನ್ನು ಮಾಡುವ ಶಿಕ್ಷಕರಿಗೆ ಒಂದು ಮಾತು. ನಾನು ಮೊದಲು ಮಾಡಿದ್ದು ಹೀಗೆ: ಕೋಲಾರದ ಟೊಮೆಟೊ ಕ್ರೇಟಿನ ಚಿತ್ರ, ಕೆಳಗೆ 'ಟೊಮೆಟೊ ಹುಳಿ, ಟೊಮೆಟೊ ಕೆಂಪು, ಹುಳಿ ತಾಗಿದರೆ ನೀಲಿ ಲಿಟ್ಮಸ್ಸೂ ಕೆಂಪು'. ನಮ್ಮೂರ ಮಕ್ಕಳು ಇದನ್ನು ಮರೆಯಲೇ ಇಲ್ಲ.

ಎಡವಟ್ಟಾಗಿದ್ದು ಕಿರುಪರೀಕ್ಷೆಯಲ್ಲಿ. ಸೋಪಿನ ನೀರು ಅರಿಶಿನದ ಕಾಗದವನ್ನು ಕೆಂಪಾಗಿಸಿದರೆ ಅದು ಏನು ಎಂದು ಕೇಳಿದ್ದೆ. ಅರ್ಧ ತರಗತಿ 'ಆಮ್ಲ' ಎಂದು ಬರೆದಿತ್ತು. ತಪ್ಪು ನನ್ನದೇ ಅಲ್ವಾ? 'ಕೆಂಪು ಅಂದರೆ ಆಮ್ಲ' ಎಂದು ತಲೆಗೆ ತುಂಬಿದ್ದೆ. ಅರಿಶಿನ ಕೆಂಪಾಗುವುದು ಪ್ರತ್ಯಾಮ್ಲಕ್ಕೆ, ಆಮ್ಲಕ್ಕೆ ಹಳದಿಯಾಗಿಯೇ ಇರುತ್ತದೆ.

ಈಗ ಅದಕ್ಕೇ ಒಂದು ಸ್ಲೈಡ್: ಬಿಳಿ ಯೂನಿಫಾರಂ ಮೇಲೆ ಸಾರಿನ ಕಲೆ. ಸೋಪು ಉಜ್ಜಿದರೆ ಕಲೆ ಕೆಂಪು, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ. ಇದನ್ನು ಮನೆಯಲ್ಲಿ ನೋಡದ ಮಗುವೇ ಇಲ್ಲ. ಟೊಮೆಟೊ ಸ್ಲೈಡಿನಲ್ಲಿ 'ಲಿಟ್ಮಸ್' ಪದವನ್ನೂ ದಪ್ಪ ಮಾಡಿದೆ.

ಇನ್ನೊಂದು ಗೊಂದಲ 'ಟ' ಅಕ್ಷರದ್ದು. ಟೊಮೆಟೊ ಎಂದರೆ ಸುಮ್ನೆ ಟಾರ್ಟಾರಿಕ್ ಎಂದು ಬರೆಯುತ್ತಾರೆ. ಟಾರ್ಟಾರಿಕ್ ಇರುವುದು ಹುಣಸೆಯಲ್ಲಿ. ಪಠ್ಯದ ಪಟ್ಟಿಯಲ್ಲಿ ಟೊಮೆಟೊಗೆ ಆಕ್ಸಾಲಿಕ್. (ಟೊಮೆಟೊದಲ್ಲಿ ಸಿಟ್ರಿಕ್ ಕೂಡ ಇದೆ, ಜಾಣ ಮಕ್ಕಳು ಕೇಳುತ್ತಾರೆ.) 'ಟ-ಗೆ ಟ ಅಲ್ಲ' ಎಂದು ಬರೆದು ಎರಡರ ಚಿತ್ರವನ್ನೂ ಅಕ್ಕಪಕ್ಕ ಹಾಕಿ.

ಪ್ರಶ್ನೆ ಒಂದು ಸ್ಲೈಡಿನಲ್ಲಿ, ಉತ್ತರ ಮುಂದಿನದರಲ್ಲಿ ಇರಲಿ. ಒಂದೇ ಕಡೆ ಇದ್ದರೆ ಯೋಚಿಸದೆ ಓದಿಬಿಡುತ್ತಾರೆ.